ತೊಟ್ಟಿಯ ಸುತ್ತ ಉಂಗುರದ ಹಾದಿ: ಕೇಂದ್ರ ಕೈಗೆ ಸಿಗದಿದ್ದಾಗ ಅಳತೆ, ವಿಸ್ತೀರ್ಣ, ಕಾಂಕ್ರೀಟಿನ ಲೆಕ್ಕ

ಕೆಲಸ ಇಷ್ಟು: ದುಂಡನೆಯ ನೀರಿನ ತೊಟ್ಟಿಯ ಗೋಡೆಗೆ ತಾಗಿಕೊಂಡು ಸುತ್ತಲೂ 1.20 ಮೀಟರ್ ಅಗಲದ, 100 ಮಿ.ಮೀ. ದಪ್ಪದ ಕಾಂಕ್ರೀಟ್ ಹಾದಿ. ಕೆಳಗೆ 100 ಮಿ.ಮೀ. ಬಡಿದು ಕೂರಿಸಿದ ಗ್ರಾವೆಲ್. ನೀರು ಗೋಡೆಯ ಕಡೆ ನಿಲ್ಲದಂತೆ ಹೊರಕ್ಕೆ 50ಕ್ಕೆ 1ರ ಇಳಿಜಾರು, ಅಂದರೆ ಹಾದಿಯ ಅಗಲಕ್ಕೆ 24 ಮಿ.ಮೀ. ತೊಟ್ಟಿಯಲ್ಲಿ ನೀರು ತುಂಬಿದೆ. ಹಾಗಾಗಿ ನಡುವೆ ಗೂಟ ಹೊಡೆದು ದಾರ ಕಟ್ಟಿ ಎರಡು ವೃತ್ತ ಎಳೆಯುವ ಸುಲಭದ ದಾರಿ ಇಲ್ಲಿ ಇಲ್ಲ. ಎಲ್ಲ ಅಳತೆಯೂ ಹೊರಗಿನಿಂದಲೇ ಆಗಬೇಕು.

ಹಂತ 1: ಒಳಗಿನ ತ್ರಿಜ್ಯ

ಗೋಡೆಯ ಸುತ್ತ ಟೇಪು ಸುತ್ತಿ ಪರಿಧಿ ಹಿಡಿದಿದ್ದು. ಹಾದಿಯ ಮೇಲ್ಮೈ ಬರುವ ಎತ್ತರದಲ್ಲೇ ಸುತ್ತಬೇಕು. ಬುಡದಲ್ಲಿ ಗಾರೆ ದಪ್ಪಗಿರುತ್ತದೆ, ಮೇಲೆ ಹೋದಂತೆ ಕಡಿಮೆಯಾಗುತ್ತದೆ. ಒಬ್ಬರು ಟೇಪಿನ ತುದಿ ಹಿಡಿದು ನಿಂತು, ಇನ್ನೊಬ್ಬರು ಸುತ್ತುತ್ತಾ ಬಂದು, ಮೂರನೆಯವರು ಟೇಪು ಜೋತುಬಿದ್ದ ಕಡೆಯೆಲ್ಲ ಗೋಡೆಗೆ ಒತ್ತಿದರೆ ಸರಿಯಾಗುತ್ತದೆ. ಬಂದ ಅಳತೆ 26.39 ಮೀಟರ್. ಅದನ್ನು 2π ಯಿಂದ, ಅಂದರೆ 6.283 ರಿಂದ ಭಾಗಿಸಿದರೆ ತ್ರಿಜ್ಯ 4.20 ಮೀಟರ್.

ಪರಿಧಿಯಿಂದ ತ್ರಿಜ್ಯ ತೆಗೆಯುವುದರಲ್ಲಿ ಒಂದು ಲಾಭವಿದೆ: ತಪ್ಪು ಆರು ಪಟ್ಟು ಕುಗ್ಗುತ್ತದೆ. ಟೇಪು ಸುತ್ತುವಾಗ 5 ಸೆಂ.ಮೀ. ಹೆಚ್ಚು ಬಂದರೂ ತ್ರಿಜ್ಯದಲ್ಲಿ ಅದು 8 ಮಿ.ಮೀ. ಮಾತ್ರ. ಎರಡು ಮರದ ಹಲಗೆಗಳ ನಡುವೆ ತೊಟ್ಟಿಯನ್ನು ಹಿಡಿದು ನೇರವಾಗಿ ವ್ಯಾಸ ಅಳೆಯುವ ರೂಢಿಯೂ ಉಂಟು. ಆದರೆ ಎಂಟೂವರೆ ಮೀಟರ್ ದೂರದ ಎರಡು ಹಲಗೆಗಳನ್ನು ಸಮಾನಾಂತರವಾಗಿ ನಿಲ್ಲಿಸುವುದು ಯಾರಿಗೂ ಸುಲಭವಲ್ಲ.

ಹಂತ 2: ವಿಸ್ತೀರ್ಣ

ಒಳಗಿನ ತ್ರಿಜ್ಯ r = 4.20, ಹೊರಗಿನ ತ್ರಿಜ್ಯ R = 4.20 + 1.20 = 5.40.

```
A = π(R² − r²)
  = 3.1416 × (29.16 − 17.64)
  = 3.1416 × 11.52
  = 36.19 ಚ.ಮೀ.
```

ಇದನ್ನೇ ಇನ್ನೊಂದು ಬಗೆಯಲ್ಲೂ ಮಾಡಿ ತಾಳೆ ನೋಡುವುದು ಒಳ್ಳೆಯದು. ಹಾದಿಯ ನಟ್ಟನಡುವೆ ನಡೆದರೆ ಆಗುವ ಪರಿಧಿಯನ್ನು ಅಗಲದಿಂದ ಗುಣಿಸಬೇಕು. ನಡುತ್ರಿಜ್ಯ 4.80, ನಡುಪರಿಧಿ 30.16 ಮೀಟರ್, ಅದಕ್ಕೆ 1.20 ಗುಣಿಸಿದರೆ ಮತ್ತೆ 36.19. ಇದು ಅಂದಾಜಲ್ಲ, ನಿಖರವಾದ ಲೆಕ್ಕ. R² − r² ಎನ್ನುವುದು (R + r)(R − r) ಆಗಿರುವುದರಿಂದ ಎರಡೂ ಒಂದೇ.

ಸಾಮಾನ್ಯವಾಗಿ ಕೆಡುವುದು ಇಲ್ಲಿಯೇ. ಗೋಡೆಯ ಸುತ್ತಳತೆ ಆಗಲೇ ಕೈಯಲ್ಲಿರುತ್ತದೆ, ಅದನ್ನೇ ಅಗಲದಿಂದ ಗುಣಿಸಿ ಮುಗಿಸಿಬಿಡುತ್ತಾರೆ: 26.39 × 1.20 = 31.67 ಚ.ಮೀ. ಹೊರಗಿನ ಸುತ್ತಳತೆ ಹಿಡಿದವರಿಗೆ 33.93 × 1.20 = 40.71 ಬರುತ್ತದೆ. ಮೊದಲನೆಯದು ಎಷ್ಟು ಕಡಿಮೆಯೋ ಎರಡನೆಯದು ಅಷ್ಟೇ ಹೆಚ್ಚು, 4.52 ಚ.ಮೀ. ಈ ವ್ಯತ್ಯಾಸ ಯಾವಾಗಲೂ π × ಅಗಲ × ಅಗಲ. ತೊಟ್ಟಿ ದೊಡ್ಡದೋ ಚಿಕ್ಕದೋ ಅದಕ್ಕೆ ಸಂಬಂಧವಿಲ್ಲ. 100 ಮಿ.ಮೀ. ದಪ್ಪಕ್ಕೆ ಇದು 0.45 ಘನ ಮೀಟರ್ ಕಾಂಕ್ರೀಟ್. 1:2:4 ಮಿಶ್ರಣದಲ್ಲಿ 50 ಕೆ.ಜಿ.ಯ ಸುಮಾರು ಮೂರು ಮೂಟೆ ಸಿಮೆಂಟು. ಕೊನೆಯ ಎರಡು ಅಂಕಣ ಉಳಿದಿರುವಾಗ ಮೂರು ಮೂಟೆ ಕಡಿಮೆ ಬಿದ್ದರೆ ಏನಾಗುತ್ತದೆಂದು ಕೆಲಸ ಮಾಡಿದವರಿಗೆ ಗೊತ್ತು.

π(R − r)² ಎಂದು ಬರೆಯುವ ತಪ್ಪು ಇನ್ನೂ ಕೆಟ್ಟದು, ಆದರೆ ಅಪಾಯ ಕಡಿಮೆ. ಉತ್ತರ 4.52 ಚ.ಮೀ. ಬರುತ್ತದೆ. ಹಾದಿಯನ್ನು ಕಣ್ಣಲ್ಲಿ ನೋಡಿದ ಯಾರಿಗೇ ಆದರೂ ಅದು ತಪ್ಪೆಂದು ತಕ್ಷಣ ಗೊತ್ತಾಗುತ್ತದೆ. 31.67ರಂಥ ಉತ್ತರವೇ ಮೋಸ ಮಾಡುವುದು, ಏಕೆಂದರೆ ಅದು ನಂಬುವ ಹಾಗಿರುತ್ತದೆ.

ಗೋಡೆಗೂ ಹಾದಿಗೂ ನಡುವೆ 12 ಮಿ.ಮೀ. ದಪ್ಪದ ಮೆತ್ತನೆಯ ಫೋಮ್ ಪಟ್ಟಿ ಬರುತ್ತದೆ, ಕಾಂಕ್ರೀಟ್ ಹಿಗ್ಗಿದಾಗ ತೊಟ್ಟಿಯ ಗೋಡೆಯನ್ನು ತಳ್ಳಬಾರದೆಂದು. ಅದನ್ನು ಕಳೆದರೆ r = 4.212 ಆಗುತ್ತದೆ, ಕಾಂಕ್ರೀಟಿನ ವಿಸ್ತೀರ್ಣ 35.87 ಚ.ಮೀ. ವ್ಯತ್ಯಾಸ ಸಣ್ಣದು. ಹಾಗಾಗಿ ಮುಂದೆ ಗ್ರಾವೆಲ್ಲಿಗೆ 36.19, ಕಾಂಕ್ರೀಟಿಗೆ 35.87 ಇಟ್ಟುಕೊಂಡಿದೆ.

ಹಂತ 3: ಹೊರಗಿನ ಫಾರಂ

ಹಸಿ ಕಾಂಕ್ರೀಟನ್ನು ಹಿಡಿದಿಡುವ ಫಾರಂ ಆಗಿ ಹೊರ ಅಂಚಿಗೆ 6 ಮಿ.ಮೀ. ಪ್ಲೈವುಡ್ಡನ್ನು ಪಟ್ಟಿಗಳಾಗಿ ಸೀಳಿ ಬಾಗಿಸಿದ್ದು. ಒಟ್ಟು ಉದ್ದ 33.93 ಮೀಟರ್ ಆದ್ದರಿಂದ 2.44 ಮೀಟರಿನ 14 ಪಟ್ಟಿ. ಗೂಟಗಳು 60 ಸೆಂ.ಮೀ.ಗೆ ಒಂದರಂತೆ, ಎಲ್ಲವೂ ಹೊರಗಡೆ. 9 ಮಿ.ಮೀ. ಪ್ಲೈವುಡ್ ಇಷ್ಟು ತ್ರಿಜ್ಯಕ್ಕೆ ಬಾಗುತ್ತದೆ, ಆದರೆ ಜೋಡಣೆಯ ತುದಿಗಳು ನೆಟ್ಟಗೆ ನಿಂತುಬಿಡುತ್ತವೆ. ಎರಡು ಗೂಟದ ನಡುವೆ ಪಟ್ಟಿ ಬಾಗದೆ ನೇರ ನಿಂತರೆ ಅಲ್ಲಿ 8 ಮಿ.ಮೀ. ಒಳಗೆ ಬಂದಂತೆ.

ಫಾರಂ ಎಲ್ಲಿ ನಿಲ್ಲಬೇಕೆಂದು ತೋರಿಸಲು ಮೊದಲು 1.20 ಮೀಟರ್ ಉದ್ದದ ಬರಿಯ ಕೋಲು ಮಾಡಲಾಗಿತ್ತು. ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಫಾರಂಗೆ. ಕೋಲಿನ ಉದ್ದ ಸರಿ ಇದ್ದರೂ ಕೆಲಸ ಸರಿಯಾಗಲಿಲ್ಲ. ಗೋಡೆ ದುಂಡಗಿರುವಾಗ ಕೋಲು ಕೇಂದ್ರದ ಕಡೆಗೇ ನೆಟ್ಟಗಿದೆಯೇ ಎಂದು ಕಣ್ಣಿಗೆ ತಿಳಿಯುವುದಿಲ್ಲ. 10 ಡಿಗ್ರಿ ಓರೆಯಾದರೆ ಫಾರಂ 14 ಮಿ.ಮೀ. ಒಳಗೆ ನಿಲ್ಲುತ್ತದೆ. ಓರೆ ಯಾವ ಕಡೆಗಾದರೂ ಫಾರಂ ಒಳಗೇ ಬರುತ್ತದೆ, ಹೊರಗೆ ಹೋಗುವುದೇ ಇಲ್ಲ. ಆದ್ದರಿಂದ ಈ ತಪ್ಪುಗಳು ಒಂದನ್ನೊಂದು ಸರಿದೂಗಿಸುವುದಿಲ್ಲ. ಸುತ್ತಲೂ ಹಾದಿ ಸಣ್ಣದಾಗುತ್ತಾ ಹೋಗುತ್ತದೆ.

ಬರಿಯ ಕೋಲನ್ನು ಬಿಟ್ಟು ಟಿ ಆಕಾರದ ಗೇಜು ಮಾಡಿದ ಮೇಲೆ ಸರಿಹೋಯಿತು. ಅಡ್ಡಪಟ್ಟಿಯಲ್ಲಿ 600 ಮಿ.ಮೀ. ಅಂತರಕ್ಕೆ ಎರಡು ಮೊಳೆ. ಅವೆರಡೂ ಗೋಡೆಗೆ ತಾಗಿದರೆ ನಡುವಿನ ಕೋಲು ತಾನಾಗಿ ಕೇಂದ್ರದ ಕಡೆ ನಿಲ್ಲುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕ ಮರೆಯಬಾರದು. ಗೋಡೆ ಹೊರಕ್ಕೆ ಉಬ್ಬಿರುವುದರಿಂದ ಎರಡು ಮೊಳೆಯ ತುದಿಗಳನ್ನು ಜೋಡಿಸುವ ಗೆರೆ ಗೋಡೆಯ ಮುಖಕ್ಕಿಂತ ಒಳಗೆ ಇರುತ್ತದೆ:

```
ಉಬ್ಬು = 0.30² ÷ (2 × 4.20) = 0.0107 ಮೀ.
```

ಹತ್ತಿರಹತ್ತಿರ 11 ಮಿ.ಮೀ. ಹಾಗಾಗಿ ಮೊಳೆಯ ತುದಿಯಿಂದ ಕೋಲಿನ ತುದಿಗೆ 1.200 ಅಲ್ಲ, 1.211 ಮೀಟರ್ ಇರಬೇಕು. ಮೊಳೆಗಳು ಅಡ್ಡಪಟ್ಟಿಯಿಂದ 11 ಮಿ.ಮೀ.ಗಿಂತ ಹೆಚ್ಚು ಹೊರಚಾಚಿರಲೂ ಬೇಕು. ಇಲ್ಲದಿದ್ದರೆ ಅಡ್ಡಪಟ್ಟಿಯ ನಡುಭಾಗವೇ ಗೋಡೆಗೆ ತಾಗಿ ಗೇಜು ಅತ್ತಿತ್ತ ವಾಲಾಡುತ್ತದೆ. 20 ಮಿ.ಮೀ. ಚಾಚಿಸಿದ್ದು ಸಾಕಾಯಿತು.

ಹಂತ 4: ಜ್ಯಾ ಎಳೆದು ತಾಳೆ ನೋಡುವುದು

ಉಂಗುರದ ಲೆಕ್ಕದಲ್ಲಿ ಎಲ್ಲಕ್ಕಿಂತ ಉಪಯೋಗದ ಸಂಗತಿ ಇದೇ. ಹೊರಗಿನ ವೃತ್ತದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಟೇಪು ಹಿಡಿದು, ಅದು ಒಳಗಿನ ವೃತ್ತವನ್ನು ಒಂದೇ ಕಡೆ ಮುಟ್ಟುವ ಹಾಗೆ ಎಳೆದರೆ, ಆ ಜ್ಯಾದ ಉದ್ದ c ಒಂದರಿಂದಲೇ ವಿಸ್ತೀರ್ಣ ಸಿಗುತ್ತದೆ. ಟೇಪು ಮುಟ್ಟಿದ ಜಾಗಕ್ಕೆ ಕೇಂದ್ರದಿಂದ r, ಟೇಪಿನ ತುದಿಗೆ ಕೇಂದ್ರದಿಂದ R, ಟೇಪಿನ ಅರ್ಧ c/2. ಇವು ಮೂರೂ ಸೇರಿ ಲಂಬಕೋನ ತ್ರಿಭುಜ ಆಗುವುದರಿಂದ R² − r² ಎನ್ನುವುದು (c/2)².

```
A = π c² ÷ 4
```

R ಬೇಡ, r ಬೇಡ, ಕೇಂದ್ರವೂ ಬೇಡ. ಈ ಹಾದಿಗೆ c ಬರಬೇಕಾದದ್ದು 2 × √11.52 = 6.788 ಮೀಟರ್. ನಡುವೆ ತೊಟ್ಟಿ ಇರುವುದು ಇಲ್ಲಿ ಅಡ್ಡಿಯಲ್ಲ, ಸಹಾಯ: ಟೇಪು ತಾಗಲು ಗೋಡೆ ಸಿದ್ಧವಾಗಿದೆ.

ಬರಿಯ ಕೋಲಿನಿಂದ ನಿಲ್ಲಿಸಿದ್ದ ಫಾರಂ ಮೇಲೆ ನಾಲ್ಕು ಕಡೆ ಎಳೆದಾಗ ಸಿಕ್ಕಿದ್ದು 6.79, 6.74, 6.78, 6.73. ಮೊದಲನೆಯದೂ ಮೂರನೆಯದೂ ಸರಿಯೆನ್ನಬಹುದು. 6.74 ಬಂದ ಕಡೆ ಫಾರಂ ಸುಮಾರು 15 ಮಿ.ಮೀ., 6.73 ಬಂದ ಕಡೆ 18 ಮಿ.ಮೀ. ಒಳಗಿತ್ತು. ಟೇಪಿನಲ್ಲಿ 5 ಸೆಂ.ಮೀ. ಕಾಣುವ ತಪ್ಪು ಅಗಲದಲ್ಲಿ ಒಂದೂವರೆ ಸೆಂ.ಮೀ. ಮಾತ್ರ. ಅಗಲವನ್ನು ನೇರವಾಗಿ ಅಳೆದಾಗ ಕಣ್ಣು ತಪ್ಪಿಸಿಕೊಳ್ಳುವ ದೋಷವನ್ನು ಜ್ಯಾ ಮೂರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅದೇ ಕಾರಣಕ್ಕೆ ಟೇಪು ಓದುವಾಗ ಆಗುವ ತಪ್ಪಿನಿಂದ ವಿಸ್ತೀರ್ಣ ಕೆಡುವುದೂ ಕಡಿಮೆ. ಅಗಲವನ್ನು 1 ಸೆಂ.ಮೀ. ತಪ್ಪು ಓದಿದರೆ 0.34 ಚ.ಮೀ. ತಪ್ಪು, ಜ್ಯಾವನ್ನು 1 ಸೆಂ.ಮೀ. ತಪ್ಪು ಓದಿದರೆ 0.11 ಚ.ಮೀ. ಟಿ ಗೇಜಿನಿಂದ ಫಾರಂ ಸರಿಪಡಿಸಿದ ಮೇಲೆ ನಾಲ್ಕೂ ಕಡೆ 6.78 ಮತ್ತು 6.79ರ ನಡುವೆ ಬಂತು.

ಟೇಪು ಗೋಡೆಯನ್ನು ಮುಟ್ಟಿಸುವ ರೀತಿಯಲ್ಲಿ ಮಾತ್ರ ಎಚ್ಚರ ಬೇಕು. ಟೇಪು ಗೋಡೆಯಿಂದ 2 ಸೆಂ.ಮೀ. ದೂರ ನಿಂತರೆ c 6.74ಕ್ಕೆ ಇಳಿಯುತ್ತದೆ. ಆ ಅಂತರ ಕಣ್ಣಿಗೆ ಕಾಣುತ್ತದೆ, ಸರಿಪಡಿಸಬಹುದು. ಅಪಾಯ ಇರುವುದು ಇನ್ನೊಂದು ಕಡೆ: ಟೇಪು ಗೋಡೆಗೆ ಒತ್ತಿಕೊಂಡು ಸ್ವಲ್ಪ ದೂರ ಬಾಗಿದರೆ. 15 ಸೆಂ.ಮೀ. ಉದ್ದಕ್ಕೆ ಅದು ಗೋಡೆಯನ್ನು ಅಪ್ಪಿಕೊಂಡಿದ್ದರೂ ನೋಡುವವರಿಗೆ ನೇರವಾಗಿಯೇ ಕಾಣುತ್ತದೆ. ಆದರೆ ಟೇಪಿನ ಅಳತೆ ಹೆಚ್ಚುಕಡಿಮೆ 15 ಸೆಂ.ಮೀ. ಜಾಸ್ತಿ ಬರುತ್ತದೆ, ವಿಸ್ತೀರ್ಣ ಒಂದೂವರೆ ಚ.ಮೀ. ಏರಿಬಿಡುತ್ತದೆ.

ಅದಕ್ಕೆ ಕ್ರಮ ಹೀಗೆ: ಟೇಪಿನ ಒಂದು ತುದಿಯನ್ನು ಫಾರಂ ಮೇಲೆ ಹಿಡಿದಿಟ್ಟು, ಇನ್ನೊಂದು ತುದಿಯನ್ನು ಗೋಡೆಗೂ ಟೇಪಿಗೂ ಸಂದು ಇರುವ ಕಡೆಯಿಂದ ಶುರುಮಾಡಿ ಫಾರಂ ಗುಂಟ ನಿಧಾನವಾಗಿ ಸರಿಸುತ್ತಾ ಬರಬೇಕು. ಸಂದಿನಲ್ಲಿ ಒಬ್ಬರು ಕಾಗದದ ಚೂರನ್ನು ಎಳೆದಾಡುತ್ತಿರಬೇಕು. ಕಾಗದ ಮೊದಲ ಸಲ ಹಿಡಿದುಕೊಂಡ ಕ್ಷಣಕ್ಕೆ ನಿಲ್ಲಿಸಿ ಓದಬೇಕು. ತುದಿಯನ್ನು 1 ಸೆಂ.ಮೀ. ಸರಿಸಿದರೆ ಸಂದು 3 ಮಿ.ಮೀ. ಬದಲಾಗುವುದರಿಂದ ಈ ಕ್ರಮದಲ್ಲಿ ಮೂರು ಮಿ.ಮೀ. ಒಳಗೆ ಅಳತೆ ಕೂರುತ್ತದೆ. ಗಾರೆಯ ಉಬ್ಬು ಇರುವ ಜಾಗವಾದರೆ ಪಕ್ಕಕ್ಕೆ ಹೋಗಬೇಕು. 5 ಮಿ.ಮೀ. ಉಬ್ಬು ಜ್ಯಾವನ್ನು 12 ಮಿ.ಮೀ. ಕಡಿಮೆ ಮಾಡುತ್ತದೆ.

ಮುಟ್ಟಿದ ಜಾಗ ಜ್ಯಾದ ಮಧ್ಯಕ್ಕೇ ಬರುತ್ತದಲ್ಲ, ಎರಡು ಅರ್ಧಗಳನ್ನು ಹೋಲಿಸಿ ವೃತ್ತಗಳು ಏಕಕೇಂದ್ರವೇ ಎಂದು ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಸರಿ. ಸ್ಥಳದಲ್ಲಿ ಆಗುವುದಿಲ್ಲ. ಮುಟ್ಟಿದ ಬಿಂದುವಿನಿಂದ 10 ಸೆಂ.ಮೀ. ಆಚೆ ಹೋದರೂ ಟೇಪಿಗೂ ಗೋಡೆಗೂ ಇರುವ ಅಂತರ 1.2 ಮಿ.ಮೀ. ಮಾತ್ರ, ಹಾಗಾಗಿ ಮುಟ್ಟಿದ್ದು ಎಲ್ಲಿ ಎಂದು ಹೇಳುವುದೇ ಕಷ್ಟ. ಏಕಕೇಂದ್ರವೇ ಎಂದು ನೋಡಲು ಟಿ ಗೇಜೇ ಸರಿ: ಎದುರುಬದುರು ಅಗಲ ಒಂದೇ ಇದೆಯೇ ಎಂದು ನೋಡಿದರಾಯಿತು. ಅಂದಹಾಗೆ ಹೊರಗಿನ ವೃತ್ತ ಒಂದು ಕಡೆಗೆ ಜಾರಿ ಹಾದಿ ಒಂದು ಪಕ್ಕ 1.25, ಎದುರು ಪಕ್ಕ 1.15 ಆದರೂ ವಿಸ್ತೀರ್ಣ ಬದಲಾಗುವುದಿಲ್ಲ. ದೊಡ್ಡ ವೃತ್ತದಿಂದ ಚಿಕ್ಕದನ್ನು ಕಳೆಯುವಾಗ ಚಿಕ್ಕದು ಎಲ್ಲಿ ಕೂತಿದೆ ಎಂಬ ಪ್ರಶ್ನೆಯೇ ಬರುವುದಿಲ್ಲ. ಸಾಮಗ್ರಿ ಅಷ್ಟೇ ಬೇಕು, ನೋಟ ಮಾತ್ರ ಕೆಡುತ್ತದೆ.

ಹಂತ 5: ಗ್ರಾವೆಲ್, ಮತ್ತು ಹೊರ ಅರ್ಧ ತಗ್ಗಾದ ಕಾರಣ

ಬಡಿದ ಮೇಲೆ ಬೇಕಾದ ಗಾತ್ರ 36.19 × 0.10 = 3.62 ಘನ ಮೀಟರ್. ಸಡಿಲವಾಗಿ ಸುರಿದಾಗ ಇದಕ್ಕೆ 1.3 ಪಟ್ಟು ಹಿಡಿದು 4.7 ಘನ ಮೀಟರ್ ತರಿಸಿದ್ದು. ಅದರಲ್ಲಿ ಕೊರತೆ ಬರಲಿಲ್ಲ. ತೊಂದರೆಯಾದದ್ದು ಹರಡುವಾಗ.

ಗೋಡೆಯ ಪಕ್ಕ ಒಂದು ಸಾಲು, ಫಾರಂ ಪಕ್ಕ ಒಂದು ಸಾಲು, ಎರಡಕ್ಕೂ ಸಮನಾಗಿ ಬಾಂಡ್ಲಿ ಎಣಿಸಿ ಸುರಿಯಲಾಯಿತು. ಅಗಲದಲ್ಲಿ ಎರಡೂ 60 ಸೆಂ.ಮೀ., ಆದ್ದರಿಂದ ಎರಡೂ ಸಮ ಎನಿಸುತ್ತದೆ. ಆದರೆ 4.20ರಿಂದ 4.80ರವರೆಗಿನ ಒಳ ಉಂಗುರ 16.96 ಚ.ಮೀ., 4.80ರಿಂದ 5.40ರವರೆಗಿನ ಹೊರ ಉಂಗುರ 19.23 ಚ.ಮೀ. ಸಮನಾಗಿ ಹಂಚಿದರೆ ಒಳಗೆ 107 ಮಿ.ಮೀ., ಹೊರಗೆ 94 ಮಿ.ಮೀ. ಆಗುತ್ತದೆ. ಒಳಗಿನ ಹೆಚ್ಚಿನದನ್ನು ಮಟ್ಟಗೋಲಿನಿಂದ ಕೆರೆದು ಆಚೆ ಹಾಕಿದ್ದಾಯಿತು, ಹೊರಗಿನ ಕೊರತೆ ಹಾಗೇ ಉಳಿಯಿತು. ಇದರ ಜೊತೆಗೆ ಧುಮ್ಮಸು ಬಡಿಯುವಾಗ ಫಾರಂ ಅಡಿಯಿಂದ ಸ್ವಲ್ಪ ಗ್ರಾವೆಲ್ ಹೊರಕ್ಕೆ ಜಾರಿತು.

ಅಗಲವನ್ನು ಸಮನಾಗಿ ಸೀಳುವುದಕ್ಕೂ ವಿಸ್ತೀರ್ಣವನ್ನು ಸಮನಾಗಿ ಸೀಳುವುದಕ್ಕೂ ಉಂಗುರದಲ್ಲಿ ವ್ಯತ್ಯಾಸವಿದೆ. ಎರಡು ಸಮ ವಿಸ್ತೀರ್ಣ ಬೇಕಿದ್ದರೆ ನಡುಗೆರೆ √((R² + r²) ÷ 2) ದೂರದಲ್ಲಿ, ಇಲ್ಲಿ 4.837 ಮೀಟರಿಗೆ ಬರಬೇಕು. 1.20 ಮೀಟರ್ ಹಾದಿಯಲ್ಲಿ ನಡುಗೆರೆ 37 ಮಿ.ಮೀ. ಹೊರಗೆ ಹೋದಂತೆ. ಇಷ್ಟು ನೆನಪಿಡುವ ಬದಲು ಒಳಸಾಲಿಗೆ ಏಳು ಬಾಂಡ್ಲಿ ಸುರಿದರೆ ಹೊರಸಾಲಿಗೆ ಎಂಟು ಎಂದಿಟ್ಟುಕೊಂಡರೆ ಸಾಕು.

ಫಾರಂನಿಂದ ಗೋಡೆಯ ಮೇಲಿನ ಗುರುತಿಗೆ ದಾರ ಎಳೆದು, ಆಮೇಲೆ ಕಡ್ಡಿ ಇಳಿಸಿ ಆಳ ನೋಡಿದಾಗ ಒಳ ಅರ್ಧದಲ್ಲಿ ಸರಾಸರಿ 102, ಹೊರ ಅರ್ಧದಲ್ಲಿ ಸರಾಸರಿ 113 ಮಿ.ಮೀ. ಇತ್ತು. ಒಟ್ಟಾರೆ 108 ಎಂದು ಹಿಡಿಯಬೇಕು. ತಗ್ಗಿದ್ದ ಕಡೆ ಗ್ರಾವೆಲ್ ಸೇರಿಸಬಹುದಿತ್ತು. ಆದರೆ ಬಡಿದು ಗಟ್ಟಿಯಾದ ಮೈಮೇಲೆ 13 ಮಿ.ಮೀ. ತೆಳು ಪದರ ಕೂರುವುದಿಲ್ಲ, ಕೆಳಗಿನದನ್ನು ಕೆದರಿ ಮತ್ತೆ ಬಡಿಯಬೇಕು. ಆ ಶ್ರಮಕ್ಕಿಂತ ಕಾಂಕ್ರೀಟೇ ಅದನ್ನು ತುಂಬಲಿ ಎಂದು ಬಿಟ್ಟಿದ್ದು.

ಬೆಲೆ ಎಷ್ಟು ಎಂದರೆ, 8 ಮಿ.ಮೀ. ದಪ್ಪ × 35.87 = 0.29 ಘನ ಮೀಟರ್. ಅಗಲದಲ್ಲಿ ಇಷ್ಟೇ ಕಾಂಕ್ರೀಟ್ ವ್ಯರ್ಥವಾಗಬೇಕಿದ್ದರೆ ಫಾರಂ ಸುತ್ತಲೂ 8 ಸೆಂ.ಮೀ.ಗೂ ಹೆಚ್ಚು ಹೊರಗೆ ನಿಲ್ಲಬೇಕಿತ್ತು. ವಿಸ್ತೀರ್ಣವನ್ನು ಎರಡು ದಶಮಾಂಶಕ್ಕೆ ಲೆಕ್ಕ ಹಾಕಿ, ಆಳಕ್ಕೆ ಕಡ್ಡಿ ಇಳಿಸಿ ನೋಡದಿದ್ದರೆ ಆ ದಶಮಾಂಶಗಳಿಗೆ ಅರ್ಥವೇ ಇಲ್ಲ. ಇಳಿಜಾರಿನ ವಿಷಯವೂ ಇಲ್ಲೇ ಬರುತ್ತದೆ: ಗ್ರಾವೆಲ್ಲಿಗೂ ಹಾದಿಯಷ್ಟೇ ಇಳಿಜಾರು ಕೊಡಬೇಕು. ಅದನ್ನು ಸಮತಟ್ಟಾಗಿ ಬಿಟ್ಟು ಕಾಂಕ್ರೀಟಿಗೆ ಮಾತ್ರ 24 ಮಿ.ಮೀ. ಇಳಿಜಾರು ಕೊಟ್ಟರೆ ಗೋಡೆಯ ಬಳಿ ದಪ್ಪ 124 ಆಗಿ, ಸರಾಸರಿಯಲ್ಲಿ 12 ಮಿ.ಮೀ.ಗೆ ಹತ್ತಿರ ಏರುತ್ತದೆ.

ಹಂತ 6: ಅಂಕಣಗಳ ಗುರುತು

ಉದ್ದಕ್ಕೂ ಒಂದೇ ಸಲ ಹಾಕಿದರೆ ಬಿರುಕು ತನಗೆ ಬೇಕಾದ ಕಡೆ ಬರುತ್ತದೆ. ಅಂಕಣದ ಉದ್ದ ಅಗಲದ ಒಂದೂವರೆ ಪಟ್ಟು ಮೀರಬಾರದು ಎಂಬ ಲೆಕ್ಕದಲ್ಲಿ ನಡುಗೆರೆಯ ಮೇಲೆ 1.80 ಮೀಟರ್ ಮಿತಿ. 30.16 ÷ 1.80 = 16.8, ಅಂದರೆ ಕನಿಷ್ಠ 17 ಅಂಕಣ. ಆದರೆ 18 ಮಾಡಿದ್ದು. ಒಂದು ಬಿಟ್ಟು ಒಂದು ಅಂಕಣಕ್ಕೆ ಕಾಂಕ್ರೀಟ್ ಹಾಕುತ್ತಾ ಹೋಗುವಾಗ ಉಂಗುರದಲ್ಲಿ ಸಮಸಂಖ್ಯೆ ಇರಲೇಬೇಕು. 17 ಮಾಡಿದ್ದರೆ ಸುತ್ತು ಮುಗಿಯುವ ಕಡೆ ಎರಡು ಹಸಿ ಅಂಕಣಗಳು ಅಕ್ಕಪಕ್ಕ ಬಂದುಬಿಡುತ್ತಿದ್ದವು.

ಪ್ರತಿ ಅಂಕಣ 20 ಡಿಗ್ರಿ. ಗೋಡೆಯ ಮೇಲೆ ಟೇಪನ್ನು ಸುತ್ತಿಟ್ಟೇ 1.466 ಮೀಟರಿಗೊಂದು ಗುರುತು ಹಾಕಿದ್ದು. ಟೇಪು ಗೋಡೆಯ ಜೊತೆ ಬಾಗಿರುವುದರಿಂದ ಅದು ಕಂಸದ ಉದ್ದವೇ ಆಗಿರುತ್ತದೆ. ಹೊರ ಅಂಚಿನಲ್ಲಿ ಕಂಸ 1.885 ಮೀಟರ್. ಅಲ್ಲಿ ಟೇಪನ್ನು ನೇರವಾಗಿ ಹಿಡಿದು 1.885, 1.885 ಎಂದು ಹಾಕುತ್ತಾ ಹೋಗುವ ತಪ್ಪು ತೀರಾ ಸಾಮಾನ್ಯ. ನೇರ ಅಳತೆ 1.875 ಇರಬೇಕು. ಪ್ರತಿ ಹೆಜ್ಜೆಗೆ ಒಂದು ಸೆಂ.ಮೀ. ಏನು ಮಹಾ ಎನಿಸುತ್ತದೆ, ಆದರೆ 18ನೆಯ ಅಂಕಣ ಹೊರ ಅಂಚಿನಲ್ಲಿ ಸುಮಾರು 17 ಸೆಂ.ಮೀ. ಕಿರಿದಾಗಿ ಉಳಿಯುತ್ತದೆ, ಅಡ್ಡಗೆರೆಗಳೂ ಒಂದೊಂದಾಗಿ ಓರೆಯಾಗುತ್ತಾ ಹೋಗಿರುತ್ತವೆ. ಹೊರಗೆ ಅಳೆಯುವುದನ್ನೇ ಬಿಟ್ಟು, ಗೋಡೆಯ ಪ್ರತಿ ಗುರುತಿಗೂ ಟಿ ಗೇಜು ಹಿಡಿದು ಅದರ ಕೋಲಿನ ಗುಂಟ ಗೆರೆ ಎಳೆದರೆ ಈ ತಕರಾರೇ ಇಲ್ಲ.

ಹಂತ 7: ಕಾಂಕ್ರೀಟ್

ಒಟ್ಟು 35.87 × 0.108 = 3.87 ಘನ ಮೀಟರ್. 1:2:4 ಮಿಶ್ರಣದಲ್ಲಿ ಒಂದು ಮೂಟೆ ಸಿಮೆಂಟಿಗೆ ಸುಮಾರು 0.158 ಘನ ಮೀಟರ್ ಕಾಂಕ್ರೀಟ್ ಸಿಗುತ್ತದೆ ಎಂದು ಹಿಡಿದರೆ 24 ಮೂಟೆ ಮತ್ತು ಅರ್ಧ. ನಕ್ಷೆಯ 100 ಮಿ.ಮೀ. ನಂಬಿಕೊಂಡಿದ್ದರೆ 22 ಮೂಟೆ ಮುಕ್ಕಾಲಿಗೆ ನಿಲ್ಲುತ್ತಿತ್ತು.

ಉಂಗುರವನ್ನು ಸಮ ಅಂಕಣಗಳಾಗಿ ಸೀಳಿದ್ದರಿಂದ ನಡುವೆಯೇ ತಾಳೆ ನೋಡಲು ಅನುಕೂಲ. ಒಂದು ಅಂಕಣ 1.99 ಚ.ಮೀ., ಅದಕ್ಕೆ 0.215 ಘನ ಮೀಟರ್. ಒಂದು ಬಿಟ್ಟು ಒಂದರಂತೆ ಮೊದಲ ಒಂಬತ್ತು ಮುಗಿದಾಗ 12 ಮೂಟೆ ಕಾಲು ಹೋಗಿರಬೇಕು. ಹೋಗಿದ್ದು ಹನ್ನೆರಡೂವರೆ. ಅಲ್ಲಿ ಹದಿನಾಲ್ಕು ಹೋಗಿದ್ದರೆ ಉಳಿದ ಒಂಬತ್ತಕ್ಕೆ ಸಾಮಾನು ಸಾಲದೆಂದು ಆಗಲೇ ಗೊತ್ತಾಗುತ್ತಿತ್ತು. ಎಲ್ಲೋ ಫಾರಂ ಹೊಟ್ಟೆ ಬಿಟ್ಟಿದೆಯೇ, ಗ್ರಾವೆಲ್ ಕುಸಿದಿದೆಯೇ ಎಂದು ಹುಡುಕಲು ಸಮಯವೂ ಸಿಗುತ್ತಿತ್ತು.

ಉಳಿದ ಒಂಬತ್ತು ಅಂಕಣಗಳಿಗೆ ಅಕ್ಕಪಕ್ಕದ ಗಟ್ಟಿಯಾದ ಅಂಚುಗಳೇ ಫಾರಂ, ಮಟ್ಟಗೋಲು ಅವುಗಳ ಮೇಲೇ ಓಡುತ್ತದೆ. ಸಂದಿಗೆ ಎಣ್ಣೆ ಕಾಗದ ಇಡಲು ಮರೆಯಬಾರದು, ಇಲ್ಲದಿದ್ದರೆ ಹೊಸದು ಹಳೆಯದಕ್ಕೆ ಅಂಟಿಕೊಂಡು ಸಂದು ಹಾಕಿದ್ದೇ ದಂಡವಾಗುತ್ತದೆ. ಎರಡನೆಯ ಸುತ್ತಿನಲ್ಲಿ 12 ಮೂಟೆ ಮತ್ತು ಸ್ವಲ್ಪ ಹೆಚ್ಚು ಹಿಡಿಯಿತು. ಆಮೇಲೆ ಏಳು ದಿನ ಒದ್ದೆ ಗೋಣಿ ಹೊದಿಸಿದ್ದು.

ಇದೇ ಲೆಕ್ಕವನ್ನು ಓಟದ ಟ್ರ್ಯಾಕಿಗೆ ಹಾಕುವವರಿಗೆ ಒಂದು ಮಾತು. 400 ಮೀಟರ್ ಟ್ರ್ಯಾಕ್ ಪೂರ್ತಿ ಉಂಗುರವಲ್ಲ. ಎರಡು ಅರ್ಧ ಉಂಗುರ, ನಡುವೆ ಎರಡು ನೇರ ಪಟ್ಟಿ. ಆದರೂ ನಡುಗೆರೆಯ ಉದ್ದ × ಅಗಲ ಎಂಬ ಲೆಕ್ಕ ಅಲ್ಲೂ ನಿಖರ. ಒಳ ಅಂಚಿನ ತ್ರಿಜ್ಯ 36.50, ನೇರ ಭಾಗ ತಲಾ 84.39, 1.22 ಮೀಟರಿನ ಎಂಟು ಲೇನ್ ಸೇರಿ ಅಗಲ 9.76 ಮೀಟರ್. ಒಳ ಅಂಚಿನ ಸುತ್ತಳತೆ 398.12, ಅದಕ್ಕೆ π × 9.76 ಕೂಡಿಸಿದರೆ ನಡುಗೆರೆ 428.78 ಮೀಟರ್, ವಿಸ್ತೀರ್ಣ 4,185 ಚ.ಮೀ. ಒಳ ಅಂಚಿನಿಂದಲೇ ಗುಣಿಸಿದವರಿಗೆ 299 ಚ.ಮೀ. ಕೈಕೊಡುತ್ತದೆ.

ಹಂತ 8: ಗೋಡೆಯ ಸಂದು

ಫೋಮ್ ಪಟ್ಟಿಯ ಮೇಲಿನ 12 ಮಿ.ಮೀ. ತೆಗೆದು ಅಲ್ಲಿ ಸೀಲೆಂಟ್ ತುಂಬಬೇಕು. ಇದೂ ಒಂದು ಉಂಗುರವೇ, ಆದರೆ 12 ಮಿ.ಮೀ. ಅಗಲದ್ದು. ಇಲ್ಲಿ ಒಳ ಪರಿಧಿ ಹಿಡಿದರೂ ಹೊರ ಪರಿಧಿ ಹಿಡಿದರೂ ನಡೆಯುತ್ತದೆ. π × ಅಗಲ × ಅಗಲ ಇಲ್ಲಿ ನಾಲ್ಕೂವರೆ ಚದರ ಸೆಂ.ಮೀ. ಅಷ್ಟೇ. 26.4 × 0.012 = 0.317 ಚ.ಮೀ., 12 ಮಿ.ಮೀ. ಆಳಕ್ಕೆ 3.8 ಲೀಟರ್. 300 ಮಿ.ಲೀ. ಟ್ಯೂಬಾದರೆ 13. ಮೂಗು ಕತ್ತರಿಸುವಾಗ, ಕೈ ಬದಲಿಸುವಾಗ ಹೋಗುವುದಕ್ಕೆ ಇನ್ನೊಂದು ಸೇರಿಸಿ 14 ತರಿಸಿದ್ದು, ಹದಿನಾಲ್ಕನೆಯದರಲ್ಲಿ ಮುಕ್ಕಾಲು ಉಳಿದಿದೆ.